ಮಜಾಕ್ ಅಂದುಬಿಟ್ಟರೆ ಮುಗಿಯಿತಾ? ಕೋಡ್ ರಿವ್ಯೂನಲ್ಲಿ ಬಂದ ಚುಚ್ಚುಮಾತಿಗೆ ಬರೆದು ಉತ್ತರಿಸುವುದು ಹೇಗೆ

ನಮ್ಮ ಕಲಬುರಗಿ ಕಡೆ ಮಜಾಕ್ ಇಲ್ಲದೆ ಚಹಾ ಗಂಟಲಿಗೆ ಇಳಿಯುವುದಿಲ್ಲ. ಚಾಷ್ಟಿ ಮಾಡುವವರು, ಮಾಡಿಸಿಕೊಳ್ಳುವವರು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಾರೆ. ಹಾಗಾಗಿ ಸಾಫ್ಟ್‌ವೇರ್ ತಂಡದಲ್ಲಿ ಯಾರಾದರೂ ನಗುತ್ತಾ ಚುಚ್ಚಿದರೆ ನಮಗೆ ತಕ್ಷಣ ಗೊತ್ತಾಗುವುದೇ ಇಲ್ಲ. ಮನೆಗೆ ಬಂದು ರೊಟ್ಟಿ ಮುರಿಯುವಾಗ ಉರಿಯಲು ಶುರುವಾಗುತ್ತದೆ. ಆಗ ಏನಾದರೂ ಹೇಳೋಣ ಅಂದರೆ ಹೊತ್ತು ಮೀರಿರುತ್ತದೆ. ಅದಕ್ಕೇ ಬಾಯಲ್ಲಿ ಹೇಳುವುದಕ್ಕಿಂತ ಬರೆದು ಹೇಳುವುದು ನಮ್ಮಂಥವರಿಗೆ ಹೆಚ್ಚು ಅನುಕೂಲ. ಬರೆಯುವುದಕ್ಕೂ ಒಂದು ಕ್ರಮ ಇದೆ. ಅದನ್ನು ಒಂದು ಪ್ರಸಂಗ ಇಟ್ಟುಕೊಂಡು ಹೇಳುತ್ತೇನೆ.

ನನಗೆ ಪರಿಚಯದ ಒಬ್ಬ ಹುಡುಗಿ, ಯಾದಗಿರಿ ಕಡೆಯವಳು. ಕಲಬುರಗಿಯ ಒಂದು ಸಣ್ಣ ತಂಡದಲ್ಲಿ ಕೆಲಸ. ಅರ್ಧ ಜನ ಇಲ್ಲಿ, ಅರ್ಧ ಜನ ಬೆಂಗಳೂರಿನಲ್ಲಿ. ದಾಲ್ ಮಿಲ್‌ಗಳಿಗೆ ತೊಗರಿ ಖರೀದಿಯ ಬಿಲ್ ಮಾಡುವ ಸಾಫ್ಟ್‌ವೇರ್ ಬರೆಯುತ್ತಾರೆ. ಕಾಟಾ ಚೀಟಿಯಿಂದ ತೂಕ ಬರುತ್ತದೆ, ತೇವಕ್ಕೆ, ಕಸಕ್ಕೆ ಇಷ್ಟು ಅಂತ ಕಡಿತ ಹಾಕಿ, ಉಳಿದದ್ದಕ್ಕೆ ಹಣ. ಕಡಿತದ ಲೆಕ್ಕ ಬರೆದವಳು ಇವಳು. ಅದರಲ್ಲಿ ಒಂದು ತಪ್ಪು ಇತ್ತು. ಕ್ವಿಂಟಲ್‌ಗೆ 2.675 ಕೆಜಿ ಕಡಿತ ಬಂದಾಗ ಅದನ್ನು ಎರಡು ದಶಾಂಶಕ್ಕೆ ಸರಿಮಾಡಲು ಹೀಗೆ ಬರೆದಿದ್ದಳು:

```python
>>> round(2.675, 2)
2.67
```

ಮಿಲ್ಲಿನ ಮುನೀಮರು ಕೈಲೆಕ್ಕದಲ್ಲಿ 2.68 ಬರೆಯುತ್ತಾರೆ. ಕಂಪ್ಯೂಟರ್ ಒಳಗೆ 2.675 ಅನ್ನುವ ಸಂಖ್ಯೆ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾಗಿ ಕೂರುತ್ತದೆ. ಹಾಗಾಗಿ ಕೆಳಗೆ ಇಳಿಯುತ್ತದೆ. ಕ್ವಿಂಟಲ್‌ಗೆ ಹತ್ತು ಗ್ರಾಂ ವ್ಯತ್ಯಾಸ, ನೂರು ಕ್ವಿಂಟಲ್‌ನ ಲಾರಿಗೆ ಒಂದು ಕೆಜಿ ತೊಗರಿ. ಸಣ್ಣದೇ, ಆದರೆ ಖಾತೆ ಪುಸ್ತಕಕ್ಕೂ ಬಿಲ್ಲಿಗೂ ತಾಳೆಯಾಗದಿದ್ದರೆ ಮಿಲ್ ಮಾಲೀಕ ಫೋನ್ ಮಾಡದೆ ಬಿಡುತ್ತಾನಾ?

ಬೆಂಗಳೂರಿನ ಹಿರಿಯ ಇಂಜಿನಿಯರ್ ಇದನ್ನು ಹಿಡಿದರು. ಸರಿಯಾಗಿಯೇ ಹಿಡಿದರು. ಆದರೆ ಬರೆದದ್ದು ಹೀಗೆ: ‘ರೌಂಡಿಂಗ್ ತಪ್ಪಿದೆ. ಪರವಾಗಿಲ್ಲ ಬಿಡಿ, 371ಜೆ ಕೋಟಾದಲ್ಲಿ ಗ್ರಾಮಿಗೂ ರಿಯಾಯಿತಿ ಇರಬೇಕು 😂’. ಅದರ ಕೆಳಗೆ ನಾಲ್ಕು ಜನರ ನಗುಮುಖ.

ಇದು ಮೊದಲ ಸಲವೂ ಆಗಿರಲಿಲ್ಲ. ಅವಳ ಮಾತಿನ ಧಾಟಿಯ ಮೇಲೆ, ನಮ್ಮೂರ ಬಿಸಿಲಿನ ಮೇಲೆ ಹಿಂದೆಯೂ ಬಂದಿತ್ತು. ಬಿಸಿಲಿನ ಮೇಲೆ ಯಾರು ಏನೇ ಹೇಳಲಿ, ಮೇ ತಿಂಗಳಲ್ಲಿ ನಾವೂ ಅದನ್ನೇ ಹೇಳುತ್ತೇವೆ. 371ಜೆ ಬೇರೆ ವಿಷಯ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ ಅದು. ಕೋಡ್ ಕೆಳಗೆ ಅದನ್ನು ಎತ್ತುವುದು ‘ನೀನು ಇಲ್ಲಿ ಕೂರಲು ಯೋಗ್ಯಳಲ್ಲ’ ಅನ್ನುವ ಮಾತು.

ಮೊದಲು: ಮಾತನ್ನು ಸೋಸಿ ನೋಡಿ

ಕಾಮೆಂಟನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೋಡ್ ಬಗ್ಗೆ ಇರುವ ಪದಗಳ ಕೆಳಗೆ ಗೆರೆ ಎಳೆಯಿರಿ. ಇಲ್ಲಿ ಗೆರೆ ಬೀಳುವುದು ‘ರೌಂಡಿಂಗ್ ತಪ್ಪಿದೆ’ ಅನ್ನುವ ಎರಡು ಪದಕ್ಕೆ ಮಾತ್ರ. ಉಳಿದದ್ದನ್ನು ಅಳಿಸಿದರೆ ಕೋಡ್ ಸರಿಮಾಡಲು ಏನಾದರೂ ಕಡಿಮೆಯಾಗುತ್ತದಾ? ಇಲ್ಲ. ಹಾಗಾದರೆ ಆ ಉಳಿದದ್ದು ರಿವ್ಯೂ ಅಲ್ಲ.

ಇನ್ನೊಂದು ಪರೀಕ್ಷೆ, ನನ್ನ ಪಾಲಿಗೆ ಇದೇ ಮುಖ್ಯ. ಅದೇ ತೂಕದ ಮಾತನ್ನು ಇವಳು ಅವರ ಕೋಡ್ ಕೆಳಗೆ ಬರೆಯಬಹುದಾ? ಅವರು ಎಲ್ಲಿಯವರು, ಹೇಗೆ ಒಳಗೆ ಬಂದರು ಅಂತ? ಬರೆದರೆ ಆ ನಾಲ್ಕು ಜನ ನಗುತ್ತಾರಾ? ಚಹಾದ ಬೆಂಚಿನ ಮೇಲೆ ಚಾಷ್ಟಿ ಎರಡೂ ಕಡೆ ಓಡಾಡುತ್ತದೆ. ಒಂದೇ ಕಡೆ ಹರಿಯುವುದಕ್ಕೆ ಬೇರೆ ಹೆಸರಿದೆ.

ಈಗ ಇದರ ಒಳಗುಟ್ಟಿಗೆ ಬರುತ್ತೇನೆ. ಇಂಥ ಮಾತು ಯಾವಾಗಲೂ ನಿಜವಾದ ಒಂದು ತಪ್ಪಿನ ಬೆನ್ನೇರಿ ಬರುತ್ತದೆ. ಕೋಡ್ ಸರಿ ಇದ್ದ ದಿನ ಯಾರೂ 371ಜೆ ಅನ್ನುವುದಿಲ್ಲ. ತಪ್ಪು ನಿಮ್ಮದೇ ಆದ್ದರಿಂದ ನಿಮಗೆ ನಾಚಿಕೆ. ಉತ್ತರ ಕೊಟ್ಟರೆ ‘ತಪ್ಪು ಒಪ್ಪಿಕೊಳ್ಳದೆ ಜಗಳಕ್ಕೆ ಬಂದಳು’ ಅನ್ನಿಸಿಕೊಳ್ಳುವ ಭಯ. ಹೀಗಾಗಿ ಬಾಯಿ ಮುಚ್ಚುತ್ತದೆ. ಇದನ್ನು ಬಿಡಿಸುವ ದಾರಿ ಒಂದೇ: ತಪ್ಪಿಗೆ ಒಂದು ಉತ್ತರ, ಚುಚ್ಚುಮಾತಿಗೆ ಬೇರೆ ಉತ್ತರ. ಎರಡೂ ಒಂದೇ ಸಂದೇಶದಲ್ಲಿ ಬರಬಾರದು, ಆದರೆ ಒಂದೇ ದಿನ ಬರಬೇಕು.

ಉತ್ತರ ಬರೆಯುವ ಮೊದಲು ಪ್ರತಿ ಎತ್ತಿಟ್ಟುಕೊಳ್ಳಿ

ಗಿಟ್‌ಹಬ್‌ನಲ್ಲಿ ಕಾಮೆಂಟಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ `Copy link` ಬರುತ್ತದೆ. ಆ ಕಾಮೆಂಟಿನದೇ ವಿಳಾಸ ಅದು. ಬರೆದಿಟ್ಟುಕೊಳ್ಳಿ. ತಾರೀಖು, ಹೆಸರು, ಕೆಳಗಿನ ನಗುಮುಖಗಳು ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಬರೆದವರು ಆಮೇಲೆ ತಿದ್ದಿದರೆ ಮೇಲೆ `edited` ಅಂತ ಬರುತ್ತದೆ, ಅದನ್ನು ಒತ್ತಿದರೆ ಹಳೆಯ ರೂಪ ಸಿಗುತ್ತದೆ. ಆದರೆ ಆ ಹಳೆಯ ರೂಪವನ್ನೂ ಅಳಿಸಲು ಬರುತ್ತದೆ, ನಂಬಿ ಕೂರಬೇಡಿ. ಒಂದು ಸಮಾಧಾನ ಏನೆಂದರೆ, ಕಾಮೆಂಟ್ ಬಂದ ಕೂಡಲೇ ನಿಮಗೆ ಮೇಲ್ ಬರುವ ವ್ಯವಸ್ಥೆ ಇದ್ದರೆ ಮೇಲ್‌ನಲ್ಲಿ ಮೊದಲ ರೂಪ ಹಾಗೇ ಉಳಿದಿರುತ್ತದೆ. ತಿದ್ದುಪಡಿ ಅಲ್ಲಿಗೆ ಮುಟ್ಟುವುದಿಲ್ಲ. ಆ ಮೇಲ್ ಅಳಿಸಬೇಡಿ.

ವಾಟ್ಸಾಪ್ ಗ್ರೂಪಿನಲ್ಲಿ ಬಂದಿದ್ದರೆ ಇನ್ನೂ ಬೇಗ ಕೈ ಓಡಬೇಕು. ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತಿನವರೆಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು.

ಇಲ್ಲಿ ಒಂದು ಎಚ್ಚರ. ಸ್ಕ್ರೀನ್‌ಶಾಟಿನಲ್ಲಿ ಕಂಪನಿಯ ಕೋಡ್ ಇರಬಾರದು. ಗ್ರಾಹಕರ ಹೆಸರು, ರೇಟು ಏನೂ ಇರಬಾರದು. ಕತ್ತರಿಸಿ, ಕಾಮೆಂಟ್ ಮಾತ್ರ ಉಳಿಸಿ. ಇಲ್ಲದಿದ್ದರೆ ಕಂಪನಿಯ ಗುಟ್ಟು ಹೊರಗೆ ಒಯ್ದಳು ಅಂತ ನಿಮ್ಮ ಮೇಲೆಯೇ ತಿರುಗಿಸುತ್ತಾರೆ. ಆಗ ಮೂಲ ಮಾತು ಯಾರಿಗೂ ನೆನಪಿರುವುದಿಲ್ಲ.

ತಪ್ಪಿಗೆ ಉತ್ತರ

ಇದು ಮೊದಲು ಹೋಗಬೇಕು, ಅದೇ ಕಾಮೆಂಟಿನ ಕೆಳಗೆ ಹೋಗಬೇಕು. ಒಣಗಿದ ಧಾಟಿಯಲ್ಲಿ. ಧನ್ಯವಾದದ ಮಳೆ ಬೇಡ, ಕ್ಷಮೆಯೂ ಬೇಡ. ರೌಂಡಿಂಗ್ ತಪ್ಪಿಗೆ ಯಾರೂ ಕ್ಷಮೆ ಕೇಳಬೇಕಿಲ್ಲ, ರಿವ್ಯೂ ಇರುವುದೇ ಅದಕ್ಕೆ. ಅವಳು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. (ತಂಡದ ಬರವಣಿಗೆ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.)

‘ಹೌದು, 2.675 ಕೆಳಗೆ ಇಳಿಯುತ್ತಿದೆ. `Decimal` ಗೆ ಬದಲಿಸಿದ್ದೇನೆ, ಅರ್ಧ ಬಂದರೆ ಮೇಲಕ್ಕೆ ಹೋಗುತ್ತದೆ. ಮುನೀಮರ ಖಾತೆಯ ಆರು ಲೆಕ್ಕಗಳನ್ನು ಟೆಸ್ಟ್‌ಗೆ ಸೇರಿಸಿದ್ದೇನೆ, ಎಲ್ಲ ತಾಳೆಯಾಗಿವೆ.’

ಬದಲಾದ ಸಾಲು ಇದು:

```python
from decimal import Decimal, ROUND_HALF_UP
kadita = Decimal("2.675").quantize(
    Decimal("0.01"), rounding=ROUND_HALF_UP)  # 2.68
```

ಇಷ್ಟಾದ ಮೇಲೆ ಕೋಡ್ ವಿಚಾರ ಮುಗಿಯಿತು. ಇನ್ನು ಮೇಲೆ ಯಾರೂ ‘ಮೊದಲು ತಪ್ಪು ಸರಿಮಾಡು’ ಅನ್ನಲು ಬರುವುದಿಲ್ಲ. ಆದರೆ `Resolve conversation` ಗುಂಡಿಯನ್ನು ಈಗಲೇ ಒತ್ತಬೇಡಿ. ಒತ್ತಿದರೆ ಮಾತು ಮಡಚಿಕೊಳ್ಳುತ್ತದೆ, ಇನ್ನೊಂದು ಉತ್ತರ ಯಾರ ಕಣ್ಣಿಗೂ ಬೀಳುವುದಿಲ್ಲ.

ಚುಚ್ಚುಮಾತಿಗೆ ಉತ್ತರ

ಎಲ್ಲರ ಮುಂದೆಯಾ, ಒಬ್ಬರಿಗೇನಾ? ಮೊದಲ ಸಲವಾದರೆ ನಾನು ಖಾಸಗಿಯಾಗಿ ಬರೆಯಿರಿ ಅನ್ನುತ್ತೇನೆ. ನಿಜವಾಗಿಯೂ ತಿಳಿಯದೆ ಅಂದವರು ಇರುತ್ತಾರೆ, ಅವರಿಗೆ ತಿದ್ದಿಕೊಳ್ಳಲು ಮರ್ಯಾದೆಯ ದಾರಿ ಬೇಕು. ಆದರೆ ಎರಡನೇ, ಮೂರನೇ ಸಲ, ಅದೂ ನಾಲ್ಕು ಜನ ನಕ್ಕ ಮೇಲೆ, ಒಂದು ಸಾಲು ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಆ ಪುಟ ಓದುವವರಿಗೆ ನೀವೂ ನಕ್ಕಿರಿ ಅಂತಲೇ ಅನ್ನಿಸುತ್ತದೆ. ಆ ಸಾಲು ಇಷ್ಟೇ:

‘371ಜೆ ಬಗ್ಗೆ ಬರೆದದ್ದು ಈ ಕೋಡ್‌ಗೆ ಸಂಬಂಧಿಸಿಲ್ಲ. ನನ್ನ ರಿವ್ಯೂಗಳಲ್ಲಿ ಇಂಥದ್ದು ಬೇಡ.’

ವಿವರ ಅವರಿಗೆ ಮಾತ್ರ ಹೋಗಲಿ. ಆ ವಿವರದ ಪತ್ರ ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಾನೂ ಎಡವಿದ್ದೇನೆ. ಹಿಂದೆ ಒಂದು ಕಂಪನಿಯಲ್ಲಿ ನನ್ನ ‘ಹಂಗಾ, ಹಿಂಗಾ’ ಮೇಲೆ ಎರಡು ವರ್ಷ ನಗೆ ನಡೆದಿತ್ತು. ಒಂದು ರಾತ್ರಿ ಎರಡು ಪುಟ ಬರೆದು ಕಳಿಸಿದೆ. ಕನ್ನಡದ ಉಪಭಾಷೆಗಳ ಇತಿಹಾಸ, ವಚನಗಳು, ಬಹಮನಿ ಸುಲ್ತಾನರು, ಎಲ್ಲ ಬಂತು. ಮರುದಿನ ಅದೇ ಹೊಸ ನಗೆಯಾಯಿತು.

ಅವಳ ಮೊದಲ ಕರಡಿನಲ್ಲೂ ಅದೇ ತಪ್ಪು ಇತ್ತು. 371ಜೆ ಸಂವಿಧಾನಕ್ಕೆ ಬಂದದ್ದು 98ನೇ ತಿದ್ದುಪಡಿಯಿಂದ, ಜಾರಿಯಾದದ್ದು 2013ರಲ್ಲಿ. ಅದರ ಮೀಸಲಾತಿ ಓದಿನ ಸೀಟಿಗೆ, ಸರ್ಕಾರದ ನೌಕರಿಗೆ. ಖಾಸಗಿ ಕಂಪನಿ ಅದರಡಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಅವಳೂ ಎಲ್ಲರ ಹಾಗೆ ಪರೀಕ್ಷೆ ಬರೆದು, ಸಂದರ್ಶನ ಕೊಟ್ಟು ಬಂದವಳು. ಇದನ್ನೆಲ್ಲ ಬರೆದಿದ್ದಳು. ಪ್ರತಿ ಮಾತೂ ನಿಜ. ನಾನು ಎಲ್ಲ ಹೊಡೆದುಹಾಕಿ ಅಂದೆ. ಯಾಕೆಂದರೆ ಅದನ್ನು ಬರೆದ ಕ್ಷಣ ಕಟಕಟೆಯಲ್ಲಿ ನಿಂತವಳು ಅವಳೇ ಆಗುತ್ತಾಳೆ. ‘ನೀನು ಕೋಟಾದಿಂದ ಬಂದೆಯಾ’ ಅನ್ನುವ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರ ಕೊಟ್ಟ ಹಾಗೆ. ಮುಂದೆ ಮಾತು ಮೀಸಲಾತಿ ಸರಿಯಾ ತಪ್ಪಾ ಅನ್ನುವ ಕಡೆ ಹೋಗುತ್ತದೆ. ಅದಲ್ಲದೆ, 371ಜೆಯಲ್ಲಿ ಸೀಟು ಪಡೆದು ಓದಿದವರು ಪಕ್ಕದ ಮೇಜಿನಲ್ಲೇ ಇರಬಹುದು. ‘ನಾನು ಅವಳಲ್ಲ’ ಅನ್ನುವುದು ಅವರಿಗೆ ಹೊಡೆದ ಹಾಗೆ.

ಇನ್ನೊಂದು ಹೊಡೆದುಹಾಕಿದ್ದು ‘ನೀವು ಬೇಕಂತಲೇ ನನ್ನನ್ನು ಅವಮಾನ ಮಾಡುತ್ತಿದ್ದೀರಿ’ ಅನ್ನುವ ಸಾಲು. ಮನಸ್ಸಿನಲ್ಲಿ ಏನಿತ್ತು ಅಂತ ನೀವು ಹೇಳಿದರೆ, ಇಲ್ಲ ಅನ್ನಲು ಅವರಿಗೆ ಒಂದೇ ಪದ ಸಾಕು: ಮಜಾಕ್. ಅದು ಓಡಿಹೋಗುವ ಹಿಂಬಾಗಿಲು. ಬರೆದ ಪದಗಳ ಬಗ್ಗೆ ಮಾತ್ರ ಮಾತಾಡಿದರೆ ಆ ಬಾಗಿಲು ಮುಚ್ಚುತ್ತದೆ. ಪದಗಳು ಪರದೆಯ ಮೇಲೆ ಇವೆಯಲ್ಲ, ಇಲ್ಲ ಅನ್ನಲಾಗುವುದಿಲ್ಲ. ‘ಯಾವಾಗಲೂ’, ‘ಪ್ರತಿ ಸಲ’ ಅನ್ನುವುದನ್ನೂ ತೆಗೆದೆವು. ಅದರ ಜಾಗದಲ್ಲಿ ತಾರೀಖು ಬಂತು.

ಉಳಿದದ್ದು ಇಷ್ಟು:

‘ನಮಸ್ಕಾರ ಸರ್. ನಿನ್ನೆ ಕಡಿತದ ಲೆಕ್ಕದ ರಿವ್ಯೂನಲ್ಲಿ ನೀವು “371ಜೆ ಕೋಟಾದಲ್ಲಿ ಗ್ರಾಮಿಗೂ ರಿಯಾಯಿತಿ ಇರಬೇಕು” ಎಂದು ಬರೆದಿದ್ದೀರಿ. ಹೋದ ತಿಂಗಳು 12ರಂದು ಗ್ರೂಪಿನಲ್ಲಿ ನನ್ನ ಮಾತಿನ ಧಾಟಿಯ ಬಗ್ಗೆ ಬರೆದಿದ್ದಿರಿ. ಎರಡೂ ನನ್ನ ಕೋಡ್ ಬಗ್ಗೆ ಅಲ್ಲ, ನಾನು ಎಲ್ಲಿಯವಳು ಎಂಬುದರ ಬಗ್ಗೆ. ರೌಂಡಿಂಗ್ ತಪ್ಪು ನೀವು ಹಿಡಿದದ್ದು ಸರಿ, ಇವತ್ತು ಸರಿಮಾಡಿದ್ದೇನೆ. ನನ್ನ ಕೋಡ್‌ನಲ್ಲಿ ಇನ್ನೂ ತಪ್ಪುಗಳಿದ್ದರೆ ನೇರವಾಗಿ ಬರೆಯಿರಿ. ನನ್ನ ಊರು, ಭಾಷೆ, ಮೀಸಲಾತಿ ಬಗ್ಗೆ ರಿವ್ಯೂನಲ್ಲಾಗಲಿ ಗ್ರೂಪಿನಲ್ಲಾಗಲಿ ಇನ್ನು ಮುಂದೆ ಬರೆಯಬೇಡಿ.’

ನಗುಮುಖ ಇಲ್ಲ. ‘ಬೇಜಾರಾಗಬೇಡಿ’ ಇಲ್ಲ. ‘ಸರ್’ ಉಳಿಸಿದ್ದೇವೆ, ದಿನವೂ ಹಾಗೇ ಕರೆಯುವವಳು ಇವತ್ತು ಬಿಟ್ಟರೆ ಅದೇ ದೊಡ್ಡ ಸುದ್ದಿಯಾಗುತ್ತದೆ. ಬರೆದ ಮೇಲೆ ಒಂದು ರಾತ್ರಿ ಇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಒಂದು ರಾತ್ರಿ ಇಟ್ಟರೆ ನಮ್ಮಂಥವರು ಕಳಿಸುವುದೇ ಇಲ್ಲ. ಊಟ ಮಾಡಿ ಬಂದು ಒಮ್ಮೆ ಓದಿ, ಕಳಿಸಿ.

ತಿರುಗಿ ಏನು ಬರುತ್ತದೆ

‘ಅಯ್ಯೋ, ಮಜಾಕ್ ಮಾಡಿದ್ದೆ’ ಅಂತ ಬಂದೇ ಬರುತ್ತದೆ. ಅದಕ್ಕೆ ಉತ್ತರ: ‘ಇರಬಹುದು ಸರ್. ಆದರೂ ಬೇಡ.’ ಇದಕ್ಕಿಂತ ಒಂದು ಪದ ಜಾಸ್ತಿ ಬೇಡ. ಮಜಾಕ್ ಹೌದೋ ಅಲ್ಲವೋ ಅನ್ನುವ ವಾದಕ್ಕೆ ಇಳಿದರೆ ಸಂಜೆಯವರೆಗೂ ಮುಗಿಯುವುದಿಲ್ಲ.

ಆಮೇಲೆ ಫೋನ್ ಬರುತ್ತದೆ. ‘ಇಷ್ಟಕ್ಕೆಲ್ಲ ಬರೆಯೋದ್ಯಾಕೆ, ಮಾತಾಡೋಣ.’ ಮಾತಾಡಿ, ತಪ್ಪಿಲ್ಲ. ಇಟ್ಟ ಕೂಡಲೇ ಎರಡು ಸಾಲು ಬರೆದು ಕಳಿಸಿ: ‘ಈಗ ಫೋನಿನಲ್ಲಿ ಮಾತಾಡಿದಂತೆ, ಇನ್ನು ಮುಂದೆ ಇಂಥ ಕಾಮೆಂಟ್ ಬರೆಯುವುದಿಲ್ಲ ಎಂದು ಹೇಳಿದಿರಿ. ಒಳ್ಳೆಯದು.’ ಫೋನಿನಲ್ಲಿ ಕರಗಿಹೋಗುವ ಮಾತು ಹೀಗೆ ಉಳಿಯುತ್ತದೆ. ನಿಜವಾಗಿಯೂ ‘ತಪ್ಪಾಯಿತು’ ಅಂದರೆ ‘ಸರಿ ಸರ್’ ಅಂದು ಅಲ್ಲಿಗೇ ಬಿಡಿ. ಅದರ ಮೇಲೆ ಪಾಠ ಹೇಳಬೇಡಿ.

ನೋವಾಗುವುದು ನಮ್ಮವರಿಂದ. ಆ ನಾಲ್ಕು ನಗುಮುಖಗಳಲ್ಲಿ ಎರಡು ಕಲಬುರಗಿಯವೇ. ‘ಅಂವ ಹಂಗೇ ಅದಾನ, ಬಿಡವ್ವ’ ಅಂತ ಒಬ್ಬ ಅಣ್ಣ ಬಂದು ಹೇಳಿದ. ಅವನಿಗೂ ಅದೇ ಮಾತು ಅಂಟುತ್ತದೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಅವನೊಂದಿಗೆ ವಾದ ಬೇಡ, ಚಹಾ ಕುಡಿಯಿರಿ. ಆಮೇಲೆ ಬೇಕಾಗುವುದು ಅವನೇ.

ಇನ್ನೊಬ್ಬ ‘ಟೆಕ್ನಿಕಲ್ ಜನ ಹೀಗೇ ಮಾತಾಡೋದು, ಲಿನಕ್ಸ್ ಕಟ್ಟಿದವರೇ ಬೈತಾರೆ’ ಅನ್ನುತ್ತಾನೆ. ಈ ಮಾತು ನಾನು ಬಹಳ ಕಡೆ ಕೇಳಿದ್ದೇನೆ, ಆದ್ದರಿಂದ ಪೂರ್ತಿ ಕತೆ ಗೊತ್ತಿರಲಿ. 2013ರ ಜುಲೈನಲ್ಲಿ ಲಿನಕ್ಸ್ ಕರ್ನಲ್‌ನ ಹಿರಿಯರು ಹೀಗೇ ತಮಾಷೆಯಾಗಿ, ಜನರ ಮೇಲೆ ಇನ್ನೂ ಜೋರಾಗಿ ಕೂಗಾಡಬೇಕು ಅಂತ ಮಾತಾಡಿಕೊಳ್ಳುತ್ತಿದ್ದರು. ಅದೇ ಮಾತಿನ ನಡುವೆ, ಕರ್ನಲ್‌ಗೆ ಕೋಡ್ ಬರೆಯುತ್ತಿದ್ದ ಸೇಜ್ ಶಾರ್ಪ್ ಅವರು ಎಲ್ಲರಿಗೂ ಕಾಣುವಂತೆ ‘ಇದು ಸರಿಯಲ್ಲ, ಬೈಗುಳ ಬೇಡ’ ಅಂತ ಬರೆದರು. ಲೈನಸ್ ಟೋರ್ವಾಲ್ಡ್ಸ್ ಆಗ ಒಪ್ಪಲಿಲ್ಲ, ತನ್ನ ಧಾಟಿಯನ್ನು ಸಮರ್ಥಿಸಿಕೊಂಡರು. ಶಾರ್ಪ್ 2015ರಲ್ಲಿ ಕರ್ನಲ್ ಕೆಲಸ ಬಿಟ್ಟ ವಿಷಯ ಹೇಳಿಕೊಂಡರು. 2018ರ ಸೆಪ್ಟೆಂಬರ್ 16ರಂದು ಟೋರ್ವಾಲ್ಡ್ಸ್ ಅವರೇ ತಮ್ಮ ಮೇಲ್‌ಗಳ ಬೈಗುಳಕ್ಕೆ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ನಿಂತರು. ಅದೇ ಹೊತ್ತಿಗೆ ಕರ್ನಲ್‌ಗೆ ನಡವಳಿಕೆಯ ನಿಯಮವೂ ಬಂತು. ಐದು ವರ್ಷ ಹಿಡಿಯಿತು, ಬರೆದವರು ಅಷ್ಟರಲ್ಲಿ ಹೊರಗಿದ್ದರು. ಈ ಕತೆಯನ್ನು ಸರ್‌ಗೆ ಕಳಿಸಬೇಡಿ, ಮತ್ತೆ ಎರಡು ಪುಟ ಆಗುತ್ತದೆ.

ಮತ್ತೆ ಬಂದರೆ

ಆಗ ಮ್ಯಾನೇಜರ್‌ಗೆ. ‘ನನಗೆ ಬೇಸರವಾಗಿದೆ’ ಅಂತ ಶುರುಮಾಡಿದರೆ ‘ಅವರ ಜೊತೆ ಕೂತು ಮಾತಾಡಿ’ ಅಂತ ಮುಗಿಸುತ್ತಾರೆ. ಕೆಲಸಕ್ಕೆ ಏನಾಯಿತು ಅಂತ ಬರೆಯಿರಿ. ಅವಳ ವಿಷಯದಲ್ಲಿ ಅದು ಸುಲಭವಾಗಿ ಕಾಣುತ್ತಿತ್ತು: ಆ ಕಾಮೆಂಟ್‌ಗಳು ಶುರುವಾದ ಮೇಲೆ ಅವಳು ಅನುಮಾನ ಬಂದರೂ ಗ್ರೂಪಿನಲ್ಲಿ ಕೇಳುತ್ತಿರಲಿಲ್ಲ. ಒಂದು ದಿನದ ಕೆಲಸ ನಾಲ್ಕು ದಿನ ಹಿಡಿದಿತ್ತು. ತಾರೀಖು, ಬರೆದ ಪದ, ನೀವು ಬೇಡ ಅಂದ ತಾರೀಖು, ಆಮೇಲೂ ಬಂದದ್ದು. ನಾಲ್ಕೇ ಸಾಲು. ಕೊನೆಗೆ ನಿಮಗೆ ಬೇಕಾದ ಒಂದೇ ಒಂದು ವಿಷಯ, ಹೌದು ಅಥವಾ ಇಲ್ಲ ಅಂತ ಉತ್ತರ ಬರುವಂಥದ್ದು: ‘ಮುಂದಿನ ವಾರದಿಂದ ನನ್ನ ರಿವ್ಯೂ ಬೇರೆಯವರು ಮಾಡಬಹುದಾ?’

ಹಳೆಯ ಕಾಮೆಂಟ್‌ಗಳನ್ನು ಅಳಿಸಿ ಅಂತ ಕೇಳಬೇಡಿ. ಗಿಟ್‌ಹಬ್‌ನಲ್ಲಿ `Hide` ಅಂತ ಇದೆ, ಕಾಮೆಂಟ್ ಮಡಚಿಕೊಳ್ಳುತ್ತದೆ, ಆದರೆ ಹೋಗುವುದಿಲ್ಲ. ಅದನ್ನು ಕೇಳಿ.

ಈ ಕ್ರಮ ಎಲ್ಲಿ ಸಾಲದು ಅಂತಲೂ ಹೇಳಬೇಕು. ಮಾತು ಲೈಂಗಿಕವಾಗಿದ್ದರೆ ಮೇಲಿನ ಯಾವ ಹಂತಕ್ಕೂ ಕಾಯಬೇಕಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಂತೆ ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸರಣಿಯಲ್ಲಿ ಕೊನೆಯದು ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಜಾತಿ ಹಿಡಿದು ಅಂದಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮೊದಲು ವಕೀಲರ ಹತ್ತಿರ ಹೋಗಿ, ಪ್ರತಿ ಎತ್ತಿಟ್ಟದ್ದು ಅಲ್ಲಿಯೂ ಬೇಕಾಗುತ್ತದೆ. ಇನ್ನು ಸಣ್ಣ ಊರಿನ ಸಣ್ಣ ಕಂಪನಿ, ಚುಚ್ಚುವವನು ಮಾಲೀಕನ ಅಳಿಯ ಅಂದರೆ, ಮೊದಲು ಬೇರೆ ಕೆಲಸ ನೋಡಿಕೊಂಡು ಆಮೇಲೆ ಬರೆಯಿರಿ. ಇದನ್ನು ಹೇಡಿತನ ಅನ್ನುವವರು ನಿಮ್ಮ ಮನೆ ಬಾಡಿಗೆ ಕಟ್ಟುವುದಿಲ್ಲ.

ಅವಳ ವಿಷಯ ಏನಾಯಿತು ಅಂದರೆ, ಸರ್ ‘ಸರಿ’ ಅಂತ ಒಂದೇ ಪದ ಬರೆದರು. ಕ್ಷಮೆ ಬರಲಿಲ್ಲ. ಆ ಕಾಮೆಂಟ್ ಅಲ್ಲೇ ಇದೆ, ಅದರ ಕೆಳಗೆ ಅವಳ ಸಾಲೂ ಇದೆ. ನಗುಮುಖಗಳಲ್ಲಿ ಒಂದು ಕಡಿಮೆಯಾಗಿತ್ತು, ಚಹಾ ಕುಡಿಸಿದ ಅಣ್ಣ ತೆಗೆದಿದ್ದ. ಎರಡು ವಾರವಾದ ಮೇಲೆ ಸರ್ ತಾವಾಗಿಯೇ ಅವಳ ರಿವ್ಯೂ ಬೇರೆಯವರಿಗೆ ಕೊಟ್ಟರು. ಹೊಸಬರು ಒಳ್ಳೆಯವರು, ಬೇಗ ಒಪ್ಪಿಗೆ ಕೊಡುತ್ತಾರೆ. ಆದರೆ 2.675ನ್ನು ಅವರು ಹಿಡಿಯುತ್ತಿರಲಿಲ್ಲ ಅಂತ ಅವಳೇ ಹೇಳುತ್ತಾಳೆ. ಈಗ ಕಳಿಸುವ ಮೊದಲು ಟೆಸ್ಟ್ ಎರಡು ಸಲ ನೋಡುತ್ತಾಳೆ.